ಇನ್ವರ್ಟರ್ ಮೇಲೆ ಫ್ಯಾನ್ ಗುಂಯ್ ಅನ್ನುತ್ತೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ

ಪ್ರಶ್ನೆ, ಸಿಂಧನೂರಿನಿಂದ: ಸರ್, ಆನ್‌ಲೈನ್ ಅರ್ಜಿ ಹಾಕಿಕೊಡುವ ಸಣ್ಣ ಅಂಗಡಿ ನಮ್ದು. ಇನ್ವರ್ಟರ್ ಹಳೇದು, ಮಾಡಿಫೈಡ್ ವೇವ್. ಕರೆಂಟು ಹೋದ ಕೂಡಲೇ ಫ್ಯಾನ್ ಗುಂಯ್ ಅನ್ನುತ್ತೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ಪ್ಯೂರ್ ಸೈನ್ ವೇವ್ ತಗೊಂಡರೆ ಎರಡೂ ಸರಿ ಹೋಗುತ್ತಾ?

ಗಂಗಾವತಿಯ ಒಬ್ಬರು: ತಗೋಳ್ರಿ. ಕಂಪ್ಯೂಟರ್ ನಾಜೂಕು, ಮಾಡಿಫೈಡ್‌ನಲ್ಲಿ ಸುಟ್ಟೇ ಹೋಗುತ್ತೆ. ಫ್ಯಾನಿಗೆ ಏನೂ ಆಗಲ್ಲ, ಸುಮ್ನೆ ಸದ್ದು ಅಷ್ಟೆ.

ಇನ್ವರ್ಟರ್ ಮೆಕ್ಯಾನಿಕ್, ರಾಯಚೂರು: ಹೆಚ್ಚಿನ ಮಟ್ಟಿಗೆ ಇದು ತಿರುವು ಮುರುವು ಅಣ್ಣಾ. ಅಲೆಯಿಂದ ತೊಂದರೆ ಆಗೋದು ಫ್ಯಾನಿಗೆ. ಲೈನಿನ ಕರೆಂಟು ಸೆಕೆಂಡಿಗೆ 50 ಸಲ ನಯವಾಗಿ ಏರಿ ಇಳಿಯುತ್ತದೆ. ಮಾಡಿಫೈಡ್ ವೇವ್ ಅಷ್ಟೇ ಸಲ, ಆದರೆ ಮೆಟ್ಟಿಲು ಹತ್ತಿದ ಹಾಗೆ ಧಡಕ್ಕನೆ ಏರಿ ಬೀಳುತ್ತದೆ. ಆ ಏಟಿನ ಜೊತೆ 50 ಹರ್ಟ್ಜ್‌ಗಿಂತ ಮೇಲಿನ ಅಲೆಗಳೂ ಬರುತ್ತವೆ. ಅವು ಫ್ಯಾನನ್ನು ಜೋರಾಗಿ ತಿರುಗಿಸುವುದಿಲ್ಲ, ವೈಂಡಿಂಗನ್ನು ನಡುಗಿಸುತ್ತವೆ, ಬಿಸಿ ಮಾಡುತ್ತವೆ.

ರೆಗ್ಯುಲೇಟರ್ 2ರಲ್ಲಿ ಇಟ್ಟಾಗ ಸದ್ದು ಜಾಸ್ತಿ ಅಲ್ವಾ? ಸ್ಟೆಪ್ ರೆಗ್ಯುಲೇಟರ್ ಒಳಗೆ ಕೆಪಾಸಿಟರ್ ಇರುತ್ತದೆ. ಅದು 50 ಹರ್ಟ್ಜನ್ನು ತಡೆಯುವಷ್ಟು ಮೇಲಿನವನ್ನು ತಡೆಯುವುದಿಲ್ಲ. 5ಕ್ಕೆ ತಿರುಗಿಸಿ ನೋಡಿ. ಆಗ ಸದ್ದು ಇಳಿದರೆ ಬೇರಿಂಗ್ ಬದಲಿಸಲು ದುಡ್ಡು ಹಾಕಬೇಡಿ.

ಮಾನ್ವಿಯ ಅಕ್ಕ: ನಮ್ಮ ಬಿಎಲ್‌ಡಿಸಿ ಫ್ಯಾನ್ ಹಳೇ ಇನ್ವರ್ಟರ್ ಮೇಲೂ ಸದ್ದೇ ಮಾಡಲ್ಲ. 150 ಎಎಚ್ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಸರ್?

ಮೆಕ್ಯಾನಿಕ್: ಅಕ್ಕಾ, ಬ್ಯಾಟರಿ ಮಾತು ಲೋಡ್ ಲೆಕ್ಕ ಕೊಟ್ಟ ಮೇಲೆ. ಆ ಫ್ಯಾನಿನಲ್ಲಿ ಬಂದ ಕರೆಂಟು ಮೊದಲು ಡಿಸಿ ಆಗುತ್ತದೆ, ಅದಕ್ಕೇ ಸದ್ದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಕೂಡ ಹಾಗೇ.

ಹಾಗಾದರೆ ರೀಸ್ಟಾರ್ಟ್ ಯಾಕೆ? ಲೈನಿನಿಂದ ಬ್ಯಾಟರಿಗೆ ಬದಲಾಗಲು ಇನ್ವರ್ಟರ್ ಒಳಗಿನ ರಿಲೇ ಸ್ವಿಚ್‌ಗೆ ಹಿಡಿಯುವ ಹೊತ್ತಿನಿಂದ. ಎಸ್‌ಎಂಪಿಎಸ್ 15-20 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿ ಅದಕ್ಕಿಂತ ಜಾಸ್ತಿ ತಗೊಳ್ಳಬಹುದು. ಹಿಂದುಗಡೆ ಯುಪಿಎಸ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಆಗ ಬೇಗ ಬದಲಾಗುತ್ತದೆ. ಹೊಸ ಸೈನ್ ವೇವ್ ತಂದರೂ ನಾರ್ಮಲ್‌ನಲ್ಲೇ ಬಿಟ್ಟರೆ ಕಂಪ್ಯೂಟರ್ ಮತ್ತೆ ರೀಸ್ಟಾರ್ಟ್ ಆಗಬಹುದು.

ಒಂದು ಪರೀಕ್ಷೆ ಮಾಡಿ. ಎಂಸಿಬಿ ಇಳಿಸಿ, ಇನ್ವರ್ಟರ್ ಮೇಲೇ ಕಂಪ್ಯೂಟರ್ ಆನ್ ಮಾಡಿ. ಹತ್ತು ನಿಮಿಷ ನೆಟ್ಟಗೆ ಓಡಿದರೆ ಅಲೆಯ ತಪ್ಪಲ್ಲ. ಎಸ್‌ಎಂಪಿಎಸ್ ಗುಂಯ್ ಅಂದರೆ ಅಥವಾ ತಾನೇ ಆಫ್ ಆದರೆ ಅದರ ಚೀಟಿ ನೋಡಿ. Active PFC ಅಂತ ಇದ್ದರೆ ಅದಕ್ಕೆ ಸೈನ್ ವೇವ್ ಬೇಕಾಗಬಹುದು.

ಕೇಳಿದವರು: ಸ್ವಿಚ್ ಇದೆ ಸರ್, ನಾರ್ಮಲ್‌ನಲ್ಲೇ ಇತ್ತು! ಯುಪಿಎಸ್‌ಗೆ ಹಾಕಿದೆ, ರೀಸ್ಟಾರ್ಟ್ ನಿಂತಿತು. ಆದರೆ ಸಂಜೆ ಲೈನ್ ಇದ್ದಾಗಲೂ ಬ್ಯಾಟರಿಗೆ ಹೋಗ್ತಾ ಇದೆ.

ಮೆಕ್ಯಾನಿಕ್: ಯುಪಿಎಸ್ ಮೋಡ್ ಸುಮಾರು 180 ವೋಲ್ಟ್‌ಗಿಂತ ಕೆಳಗಿನ ಲೈನನ್ನು ಒಪ್ಪುವುದಿಲ್ಲ. ಪಂಪ್‌ಸೆಟ್ ಓಡುವ ಹೊತ್ತಿಗೆ ನಿಮ್ಮ ಕಡೆ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ? ಎರಡು ಸಂಜೆ ಮೀಟರ್ ಇಟ್ಟು ಬರೆದು ಹಾಕಿ.