ಒಂಬತ್ತನೇ ತರಗತಿಯ ಭಾಷಣ: ವಾಕ್ಯದ ಕೊನೆ ಕೇಳಿಸುತ್ತಿಲ್ಲ, ಸಹಾಯ ಬೇಕು

ಶಿಕ್ಷಕ ಮಿತ್ರರೇ, ನಮ್ಮ ಒಂಬತ್ತನೇ ತರಗತಿಯಲ್ಲಿ ಮೂರು ನಿಮಿಷದ ಭಾಷಣ ಬರೆಸಿ, ಹೇಳಿಸುತ್ತಿದ್ದೇನೆ. ಬರವಣಿಗೆ ಒಂದು ಹಂತಕ್ಕೆ ಬಂದಿದೆ. 'ವೇದಿಕೆಯ ಮೇಲೆ ಆಸೀನರಾಗಿರುವ' ಎಂಬ ಸಾಲನ್ನೇ ಕೈಬಿಡಿಸಿದ್ದೇನೆ. ಊರಿನ ಕೆರೆಯ ಬಗ್ಗೆ ಬರೆದ ಹುಡುಗಿ ಕೋಡಿಯ ಬಳಿ ತಾನು ಕಂಡ ಕಸದ ರಾಶಿಯಿಂದ ಆರಂಭಿಸಿ, ಎರಡು ಕಾರಣ ಹೇಳಿ, ಪಂಚಾಯಿತಿಗೆ ಒಂದೇ ಒಂದು ಬೇಡಿಕೆಯಿಟ್ಟು ಮುಗಿಸುತ್ತಾಳೆ.

ತೊಡಕು ಇರುವುದು ದನಿಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಮಕ್ಕಳ ಉಸಿರು ಮುಗಿಯುವುದೂ ಅಲ್ಲಿಯೇ. 'ಕೆರೆಗೆ ಕಸ ಸುರಿಯಬಾರದು' ಎಂದರೆ ಹಿಂದಿನ ಬೆಂಚಿಗೆ 'ಕೆರೆಗೆ ಕಸ ಸುರಿಯ' ಎಂಬಷ್ಟೇ ತಲುಪುತ್ತದೆ. ಉದ್ದದ ವಾಕ್ಯಗಳನ್ನು ಒಡೆಸಿದೆ, ಉಸಿರು ತೆಗೆದುಕೊಳ್ಳುವಲ್ಲಿ ಓರೆಗೆರೆ ಹಾಕಿಸಿದೆ. ಸ್ವಲ್ಪ ಗುಣವಾಯಿತು. ಆದರೆ ಜೋರಾಗಿ ಹೇಳು ಎಂದರೆ ಮೊದಲ ಪದವನ್ನಷ್ಟೇ ಕಿರುಚುತ್ತಾರೆ.

ಕೇಳುಗರ ಅಭಿಪ್ರಾಯವೂ 'ಚೆನ್ನಾಗಿತ್ತು ಮಿಸ್' ಎಂಬಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೆ ಈಗ ಹಿಂದಿನ ಸಾಲಿನವರಿಗೆ ಎರಡೇ ಕೆಲಸ ಕೊಟ್ಟಿದ್ದೇನೆ: ಭಾಷಣಕಾರರ ಬೇಡಿಕೆ ಏನೆಂದು ಬರೆಯುವುದು, ಕೇಳಿಸದ ಕಡೆ ಕೈಯೆತ್ತುವುದು. ಚೀಟಿಗಳು ನಿಜಕ್ಕೂ ಉಪಯುಕ್ತ. ಕೈಯೆತ್ತಿದರೆ ಮಾತ್ರ ಅಂಜುವ ಮಕ್ಕಳು ಅಲ್ಲೇ ಮಾತು ನಿಲ್ಲಿಸಿಬಿಡುತ್ತಾರೆ.

ವಾಕ್ಯದ ಕೊನೆಯವರೆಗೂ ದನಿ ಉಳಿಸುವ ಅಭ್ಯಾಸ ನಿಮಗೆ ಗೊತ್ತಿದ್ದರೆ ತಿಳಿಸಿ. ರಂಗಭೂಮಿಯ ಅನುಭವವಿರುವವರು ದಯವಿಟ್ಟು ಬರೆಯಿರಿ. ಮಾತನಾಡುವವರನ್ನು ತಡೆಯದೆ 'ಕೇಳಿಸಲಿಲ್ಲ' ಎಂದು ಗುರುತಿಸಿಕೊಳ್ಳುವ ಉಪಾಯವೂ ಬೇಕು. ಮೈಕ್ ಸಲಹೆ ಬೇಡ, ನಮ್ಮಲ್ಲಿಲ್ಲ.