ಜಿರಳೆ ಟ್ರೀಟ್‌ಮೆಂಟ್ ವಿಡಿಯೊ: ಸ್ಕ್ರಿಪ್ಟ್ ಸರಿ ಇದೆಯಾ, ನೋಡಿ ಹೇಳಿ

ಕೇಳಿದವರು (ವಿಡಿಯೊ ಮಾಡುವವರು, ಮೈಸೂರು): ನಮ್ಮೂರಿನ ಒಂದು ಸಣ್ಣ ಪೆಸ್ಟ್ ಕಂಟ್ರೋಲ್ ಸರ್ವಿಸ್‌ಗೆ ನಾಲ್ಕು ನಿಮಿಷದ ವಿಡಿಯೊ ಮಾಡ್ತಿದ್ದೀನಿ. ಈಗ ಬರೆದಿರೋದು ಹೀಗೆ: ಟೆಕ್ನೀಷಿಯನ್ ಬೆಲ್ ಮಾಡ್ತಾನೆ, ಮಾಸ್ಕ್ ಹಾಕ್ಕೊಂಡು ಅಡುಗೆಮನೆಗೆಲ್ಲ ಸ್ಪ್ರೇ ಹೊಡೀತಾನೆ, ಆಮೇಲೆ ಮೂಲೆಗಳಿಗೆ ಜೆಲ್ ಇಡ್ತಾನೆ. ಕೊನೆಗೆ ಸತ್ತು ಬಿದ್ದ ಜಿರಳೆಗಳ ರಾಶಿ, ಮನೆಯವರ ನಗು. ಈ ಕೆಲಸ ಮಾಡುವವರು ಯಾರಾದರೂ ನೋಡಿ ಹೇಳಿ. ತಪ್ಪಿದ್ದರೆ ಪೂರ್ತಿ ಬದಲಾಯಿಸ್ತೀನಿ.

ಕೀಟ ನಿಯಂತ್ರಣ ಕೆಲಸದವರು, ಬೆಂಗಳೂರು: ಮೇಡಂ, ಸ್ಪ್ರೇ ಆದ ಮೇಲೆ ಜೆಲ್ ಅಂತ ಬರೆದಿದ್ದೀರಲ್ಲ, ಆ ಒಂದು ದೃಶ್ಯವೇ ಇಡೀ ಕೆಲಸ ಕೆಡಿಸುತ್ತೆ. ಜೆಲ್ ಅಂದರೆ ವಿಷ ಬೆರೆಸಿದ ಊಟ. ಜಿರಳೆ ಅದನ್ನು ಹುಡುಕಿಕೊಂಡು ಬಂದು ತಿನ್ನಬೇಕು. ನಾವು ಸಾಮಾನ್ಯವಾಗಿ ಹೊಡೆಯುವ ಸ್ಪ್ರೇಗಳಲ್ಲಿ ಹೆಚ್ಚಿನವು ಜಿರಳೆಯನ್ನು ದೂರ ಓಡಿಸುತ್ತವೆ. ಸ್ಪ್ರೇ ಬಿದ್ದ ಜಾಗದಲ್ಲಿ ಜೆಲ್ ಇಟ್ಟರೆ ಅದರ ಹತ್ತಿರಕ್ಕೂ ಬರಲ್ಲ. ಗೋಡೆಯ ಇನ್ನೂ ಒಳಗಿನ ಸಂದಿಗೆ, ಇಲ್ಲವೇ ಪೈಪ್ ಹಿಡಿದು ಪಕ್ಕದ ಮನೆಗೆ ಹೋಗುತ್ತೆ.

ಇನ್ನೊಂದು ಮಾತು. ಅಡುಗೆಮನೆಯ ಸಣ್ಣ ಕಂದು ಜಿರಳೆ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುತ್ತಲ್ಲ, ಅದರ ಬಗ್ಗೆಯೇ ವಿಡಿಯೊ ಮಾಡಿ. ಬಚ್ಚಲ ಮೋರಿಯಿಂದ ಬರುವ ದೊಡ್ಡ ಕೆಂಪು ಜಿರಳೆಯ ಕೆಲಸದ ರೀತಿ ಬೇರೆ. ಎರಡನ್ನೂ ಒಂದೇ ವಿಡಿಯೊದಲ್ಲಿ ಸೇರಿಸಿದರೆ ನೋಡುವವರಿಗೆ ಗೊಂದಲ.

ನಾಲ್ಕು ನಿಮಿಷದಲ್ಲಿ ಎರಡು ನಿಮಿಷವನ್ನಾದರೂ ಪರಿಶೀಲನೆಗೇ ಕೊಡಿ. ನಾನಾದರೆ ಹೀಗೆ ಬರೀತೀನಿ:

*ದೃಶ್ಯ: ಬಾಡಿಗೆ ಮನೆಯ ಅಡುಗೆಮನೆ. ಗ್ರಾನೈಟ್ ಕಟ್ಟೆ, ಕೆಳಗೆ ಸಿಮೆಂಟ್ ಗೂಡುಗಳು, ಪಕ್ಕದಲ್ಲಿ ಫ್ರಿಜ್. ಟೆಕ್ನೀಷಿಯನ್ ಕೈಯಲ್ಲಿ ಟಾರ್ಚ್ ಮಾತ್ರ.*

ಟೆಕ್ನೀಷಿಯನ್: ಅಮ್ಮಾ, ಎಲ್ಲಿ ಜಾಸ್ತಿ ಕಾಣಿಸುತ್ತೆ?
ಮನೆಯವರು: ಸಿಂಕ್ ಕೆಳಗೇ ಜಾಸ್ತಿ. ರಾತ್ರಿ ನೀರು ಕುಡಿಯೋಕೆ ಬಂದು ಲೈಟ್ ಹಾಕಿದ್ರೆ ಓಡ್ತಾವೆ.
ಟೆಕ್ನೀಷಿಯನ್: ಏನಾದ್ರೂ ಸ್ಪ್ರೇ ಹೊಡೆದಿದ್ರಾ?
ಮನೆಯವರು: ಮೊನ್ನೆ ಹೊಡೆದೆ, ಸಿಂಕ್ ಹತ್ರ.
ಟೆಕ್ನೀಷಿಯನ್: ಹಾಗಾದ್ರೆ ಅಲ್ಲಿ ಸೋಪು ನೀರಲ್ಲಿ ಒರೆಸಿ, ಒಣಗಿದ ಮೇಲೆ ಜೆಲ್ ಇಡ್ತೀನಿ.

*ದೃಶ್ಯ: ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿದು ಗೂಡಿನ ಮೂಲೆ ನೋಡುತ್ತಾನೆ. ಕರಿಮೆಣಸಿನ ಪುಡಿ ಉದುರಿದ ಹಾಗೆ ಹಿಕ್ಕೆ. ಫ್ರಿಜ್ ಮುಂದಕ್ಕೆ ಎಳೆದು ಹಿಂದಿನ ಮೋಟರ್ ಜಾಗಕ್ಕೆ ಬೆಳಕು ಬಿಡುತ್ತಾನೆ.*

ಮನೆಯವರು ಸಿಂಕ್ ತೋರಿಸಿದ್ದು ಸುಳ್ಳಲ್ಲ. ಅಲ್ಲಿ ನೀರಿದೆ, ಕುಡಿಯೋಕೆ ಬರುತ್ತವೆ. ವಾಸ ಮಾತ್ರ ಹೆಚ್ಚಾಗಿ ಫ್ರಿಜ್ ಮೋಟರಿನ ಬಿಸಿಯ ಹತ್ತಿರ, ಮಿಕ್ಸಿ ತಳದಲ್ಲಿ, ಕಪಾಟಿನ ಬಾಗಿಲಿನ ಹಿಂಜ್ ಒಳಗೆ. ಇದನ್ನು ಖಚಿತ ಮಾಡಿಕೊಳ್ಳೋಕೆ ಹಿಂದಿನ ರಾತ್ರಿಯೇ ನಾಲ್ಕು ಕಡೆ ಗ್ಲೂ ಟ್ರ್ಯಾಪ್ ಇಟ್ಟಿದ್ದರು ಅಂತ ತೋರಿಸಿ. ಉದಾಹರಣೆಗೆ ಫ್ರಿಜ್ ಪಕ್ಕದ್ದರಲ್ಲಿ 23, ಸಿಂಕ್ ಕೆಳಗೆ 9, ಉಳಿದೆರಡು ಖಾಲಿ. ಜೆಲ್ ಎಲ್ಲಿ ಜಾಸ್ತಿ ಬೇಕು ಅಂತ ನೋಡುವವರಿಗೆ ತಾನಾಗಿಯೇ ಗೊತ್ತಾಗುತ್ತೆ.

ಜೆಲ್ ಇಡುವುದನ್ನು ಹತ್ತಿರದಿಂದ ತೆಗೀರಿ. ಉದ್ದ ಗೆರೆ ಎಳೆಯಬಾರದು. ಸಂದಿಯ ಒಳಗೆ ಸಣ್ಣ ಸಣ್ಣ ಚುಕ್ಕೆ, ಅದೂ ಹಿಕ್ಕೆ ಕಂಡ ಜಾಗದ ಪಕ್ಕದಲ್ಲೇ. ಒಂದು ಕಡೆ ದೊಡ್ಡ ಉಂಡೆ ಇಡುವ ಬದಲು ಹತ್ತು ಕಡೆ ಚುಕ್ಕೆ ಇಡಬೇಕು, ಯಾಕಂದರೆ ಮರಿಗಳು ಗೂಡಿಂದ ದೂರ ಹೋಗಲ್ಲ. ಮೋಟರಿನ ಬಿಸಿ ಭಾಗಕ್ಕೆ ನೇರ ಹಚ್ಚಿದರೆ ಬೇಗ ಒಣಗುತ್ತೆ, ಪಕ್ಕದ ತಗಡಿನ ಮೇಲಿಡಲಿ. ಪಾತ್ರೆ, ದಿನಸಿ ತಾಗುವ ಕಡೆ, ಮಕ್ಕಳ ಕೈಗೆ ಸಿಗುವ ಕಡೆ ಇಡುವಂತೆಯೇ ಇಲ್ಲ.

ಸತ್ತ ರಾಶಿಯ ದೃಶ್ಯ ದಯವಿಟ್ಟು ತೆಗೆದುಬಿಡಿ. ಜೆಲ್ ತಿಂದದ್ದು ಅಲ್ಲೇ ಬೀಳಲ್ಲ, ಗೂಡಿಗೆ ಹೋಗಿ ಸಾಯುತ್ತೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಕೆಲಸ ಮಾಡುವುದೇ ಹಾಗೆ. ರಾಶಿ ತೋರಿಸಿದರೆ ಮರುದಿನ ಬೆಳಿಗ್ಗೆ ‘ಒಂದೂ ಸತ್ತಿಲ್ಲ’ ಅಂತ ಆ ಸರ್ವಿಸ್‌ನವರಿಗೆ ಫೋನ್ ಬರುತ್ತೆ.

ಗೃಹಿಣಿ, ದಾವಣಗೆರೆ: ಜೆಲ್ ಹಾಕಿದ ಮೇಲೆ ಒಂದು ವಾರ ಅಡುಗೆಮನೆ ತೊಳೀಬಾರದು ಅಂತಲೂ ವಿಡಿಯೊದಲ್ಲಿ ಹೇಳಿಸಿ. ನಮ್ಮನೆಗೆ ಬಂದವರು ಹಾಗೇ ಹೇಳಿದ್ದರು.

ಕೀಟ ನಿಯಂತ್ರಣ ಕೆಲಸದವರು, ಬೆಂಗಳೂರು: ಅರ್ಧ ಸರಿ ಅಕ್ಕಾ. ಜೆಲ್ ಇಟ್ಟ ಸಂದಿಗಳನ್ನು ಒರೆಸಬಾರದು, ನೀರು ಸುರಿಯಬಾರದು. ಆದರೆ ಕಟ್ಟೆ, ಒಲೆ, ನೆಲ ದಿನಾ ಒರೆಸಲೇಬೇಕು. ಒಲೆ ಕೆಳಗೆ ಎಣ್ಣೆ ಜಿಡ್ಡು, ಡಬ್ಬಿ ಪಕ್ಕದಲ್ಲಿ ಹಿಟ್ಟು ಬಿದ್ದಿದ್ದರೆ ಜಿರಳೆ ಜೆಲ್ ಯಾಕೆ ತಿನ್ನುತ್ತೆ? ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ, ಕಸದ ಬುಟ್ಟಿ ಹೊರಗಿಡಿ. ಟೆಕ್ನೀಷಿಯನ್ ಈ ಮಾತನ್ನು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುವ ಬದಲು ಜೆಲ್ ಇಡುತ್ತಲೇ ಹೇಳಲಿ, ಆಗ ಯಾವ ಜಾಗ ಅಂತ ಕಣ್ಣಿಗೆ ಕಾಣುತ್ತೆ.

ನಿವೃತ್ತ ಶಿಕ್ಷಕರು, ಸಾಗರ: ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ. ಇದೇ ಜೆಲ್ ಅಲ್ಲಿಗೂ ಹಚ್ಚಬಹುದೇ?

ಕೀಟ ನಿಯಂತ್ರಣ ಕೆಲಸದವರು, ಬೆಂಗಳೂರು: ಆಗಲ್ಲ ಸರ್, ಈ ಜೆಲ್ ಜಿರಳೆಗೆ ಮಾತ್ರ. ಗೆದ್ದಲು ಹೆಚ್ಚಾಗಿ ಮಣ್ಣಿನಿಂದ ಬರುತ್ತೆ, ಗೋಡೆ ಬುಡದಲ್ಲಿ ನೆಲಕ್ಕೆ ತೂತು ಕೊರೆದು ಔಷಧಿ ಇಳಿಸಬೇಕು. ಬೇರೆ ಪ್ರಶ್ನೆಯಾಗಿ ಹಾಕಿ, ಮಣ್ಣಿನ ದಾರಿ ಎಲ್ಲಿಂದ ಶುರುವಾಗಿದೆ ಅನ್ನೋ ಫೋಟೊ ಇರಲಿ.

ಅಪಾರ್ಟ್‌ಮೆಂಟ್ ಸಂಘದವರು, ಬೆಂಗಳೂರು: ಜೆಲ್ ಇಟ್ಟವರು ಕೆಲವು ವಾರ ಬಿಟ್ಟು ಮತ್ತೆ ಬರಬೇಕು ಅಂತಾರಲ್ಲ, ಆ ಎರಡನೇ ಭೇಟಿ ಅನ್ನೋದು ದುಡ್ಡು ಮಾಡುವ ದಾರಿ ಅಷ್ಟೇ ಅಲ್ಲವೇ? ಔಷಧಿ ಒಳ್ಳೆಯದಿದ್ದರೆ ಒಂದೇ ಸಲಕ್ಕೆ ಮುಗಿಯಬೇಕು.

ಕೀಟ ನಿಯಂತ್ರಣ ಕೆಲಸದವರು, ಬೆಂಗಳೂರು: ಇಲ್ಲ ಸರ್. ಹೆಣ್ಣು ಜಿರಳೆ ಮೊಟ್ಟೆಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತಿರುತ್ತೆ. ಒಂದು ಚೀಲದಲ್ಲಿ 30-40 ಮೊಟ್ಟೆ. ಆ ದಿನಗಳಲ್ಲಿ ಅದು ಹೊರಗೆ ಬರೋದೂ ಕಡಿಮೆ, ತಿನ್ನೋದೂ ಕಡಿಮೆ. ಮೊಟ್ಟೆಗೆ ಜೆಲ್ ತಾಗೋದೇ ಇಲ್ಲ. ಅದಕ್ಕೇ ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು.

ಮೇಡಂ, ನಿಮ್ಮ ವಿಡಿಯೊದ ಕೊನೆಯ ದೃಶ್ಯ ಇದೇ ಆಗಲಿ. ಅದೇ ಜಾಗದಲ್ಲಿ ಹೊಸ ಟ್ರ್ಯಾಪ್, 23 ಇದ್ದಲ್ಲಿ ಈಗ 4, ಎಲ್ಲವೂ ಪುಟ್ಟ ಮರಿಗಳು. ದೊಡ್ಡವು ಹೋಗಿವೆ, ಉಳಿದ ಮೊಟ್ಟೆ ಒಡೆದಿದೆ ಅಂತ ಅರ್ಥ. ಜೆಲ್ ಚುಕ್ಕೆಗಳು ಖಾಲಿಯಾಗಿದ್ದರೆ ಮತ್ತೆ ಇಡಬೇಕು. ಚುಕ್ಕೆ ಹಾಗೇ ಇದ್ದು ಜಿರಳೆಯೂ ಅಷ್ಟೇ ಇದ್ದರೆ ಬೇರೆ ತಿಂಡಿ ಸಿಗ್ತಿದೆ, ಇಲ್ಲ ಯಾರೋ ಸ್ಪ್ರೇ ಹೊಡೆದಿದ್ದಾರೆ, ಇಲ್ಲ ಆ ಜೆಲ್‌ನ ಸಿಹಿಯೇ ಅವಕ್ಕೆ ಬೇಡವಾಗಿದೆ. ಗ್ಲೂಕೋಸ್ ಮುಟ್ಟದ ಜಿರಳೆಗಳಿವೆ, ಆಗ ಬೇರೆ ಜೆಲ್ ತರಬೇಕು.

ಕೇಳಿದವರು: ತುಂಬಾ ಉಪಕಾರ ಆಯ್ತು ಸರ್. ಸ್ಪ್ರೇ ದೃಶ್ಯ ತೆಗೆದೆ. ಎರಡು ಅನುಮಾನ ಇದೆ. ರಾತ್ರಿ ಜಿರಳೆ ಓಡಾಡುವುದನ್ನು ತೆಗೀಬೇಕು, ಲೈಟ್ ಹಾಕಿದ ತಕ್ಷಣ ಮಾಯ. ಮತ್ತೆ, ಸರ್ವಿಸ್‌ನವರು ‘ಒಂದು ವರ್ಷ ಗ್ಯಾರಂಟಿ’ ಅಂತ ಕೊನೆಗೆ ಹಾಕಿ ಅಂತಿದ್ದಾರೆ.

ಕೀಟ ನಿಯಂತ್ರಣ ಕೆಲಸದವರು, ಬೆಂಗಳೂರು: ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣಲ್ಲ, ಅಲುಗಾಡದೆ ಕಾದರೆ ಹೊರಗೆ ಬರುತ್ತವೆ.

ಗ್ಯಾರಂಟಿ ವಿಷಯದಲ್ಲಿ ನನ್ನ ಅಭಿಪ್ರಾಯ, ಹಾಕಬೇಡಿ. ಪಕ್ಕದ ಮನೆಗೆ ಟ್ರೀಟ್‌ಮೆಂಟ್ ಆಗದಿದ್ದರೆ ಪೈಪ್ ಡಕ್ಟಿಂದ ಮತ್ತೆ ಬರುತ್ತವೆ, ದಿನಸಿಯ ರಟ್ಟಿನ ಡಬ್ಬದಲ್ಲೂ ಬರುತ್ತವೆ. ಅದರ ಬದಲು ಅವರ ಲೈಸೆನ್ಸ್ ಪತ್ರ ತೋರಿಸಿ. ಕೀಟನಾಶಕ ನಿಯಮಗಳು, 1971ರ ಪ್ರಕಾರ ಈ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಪದವಿ ಜೊತೆಗೆ ತರಬೇತಿಯೂ ಆಗಿರಬೇಕು. ಆ ತರಬೇತಿ ಕೊಡುವ ಸಂಸ್ಥೆಗಳಲ್ಲಿ ನಿಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಒಂದು.

ಇನ್ನೊಬ್ಬ ಟೆಕ್ನೀಷಿಯನ್, ಹುಬ್ಬಳ್ಳಿ: ಗ್ಯಾರಂಟಿ ಇಲ್ಲಂದ್ರ ಗಿರಾಕಿ ಫೋನೇ ಮಾಡೂದಿಲ್ರೀ ಸರ. ನಾವು ಮೂರು ತಿಂಗಳು ಅಂತ ಬರದು ಕೊಡ್ತೀವಿ, ನಡುವ ಬಂದ್ರ ಪುಕ್ಕಟ ಹೋಗಿ ಜೆಲ್ ಇಟ್ಟು ಬರ್ತೀವಿ. ಅದನ್ನ ಹಂಗ ಹೇಳಿದ್ರ ತಪ್ಪೇನೈತಿ?

ಕೀಟ ನಿಯಂತ್ರಣ ಕೆಲಸದವರು, ಬೆಂಗಳೂರು: ‘ಬಂದರೆ ಮತ್ತೆ ಬರ್ತೀವಿ’ ಅಂತ ಹೇಳೋದಾದರೆ ನನ್ನ ತಕರಾರಿಲ್ಲ. ‘ಬರೋದೇ ಇಲ್ಲ’ ಅಂತ ಹೇಳಿಸಬೇಡಿ. ತಿಂಗಳು ಎಷ್ಟು ಅನ್ನೋದು ಸರ್ವಿಸ್‌ನವರಿಗೇ ಬಿಟ್ಟದ್ದು, ಅವರನ್ನೇ ಕೇಳಿ ಬರೀರಿ ಮೇಡಂ.