ಪದಚರ್ಚೆ: ಕ್ಲೋನಿಡಿನ್ ಬಿಟ್ಟಾಗ ಏರುವ ಬಿಪಿಗೆ 'ಮರುಕಳಿಸು' ಸರಿಯೇ?

ಶಿರಸಿಯಿಂದ, ಅನುವಾದಕಿ

ಬಿಪಿ ರೋಗಿಗಳಿಗೆ ಕೊಡುವ ಒಂದು ಪುಟದ ಚೀಟಿಯನ್ನು ತಿದ್ದುತ್ತಿದ್ದೇನೆ. ಹಳೆಯ ಚೀಟಿಯಲ್ಲಿ 'ಕ್ಲೋನಿಡಿನ್ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಮರುಕಳಿಸಬಹುದು' ಎಂದಿದೆ. ಮೂಲದಲ್ಲಿರುವುದು ರಿಬೌಂಡ್. ಎರಡೂ ಒಂದೇನಾ? ಹಾಗೆಯೇ 'ಟೇಪರ್ ಮಾಡು' ಎನ್ನುವುದಕ್ಕೆ ನಮ್ಮ ಕಡೆಯವರಿಗೆ ಥಟ್ಟನೆ ತಿಳಿಯುವ ಮಾತು ಬೇಕು. 'ಕ್ರಮೇಣ ಕ್ಷೀಣಗೊಳಿಸು' ಎಂದು ಮಾತ್ರ ಹೇಳಬೇಡಿ.

ಕುಮಟಾದಿಂದ, ನಿವೃತ್ತ ಮಾಸ್ತರು

ತಂಗೀ, 'ಮರುಕಳಿಸು' ಸಾಕು. ಗುಳಿಗೆ ಬಿಟ್ಟರೆ ಬಿಪಿ ವಾಪಸ್ ಬರುವುದು ಎಲ್ಲ ಗುಳಿಗೆಗೂ ಇದ್ದದ್ದೇ. ಸುಮ್ನೆ ಹೊಸ ಪದ ಯಾಕೆ? ನನ್ನ ಆಮ್ಲೋಡಿಪಿನ್ ಹೋದ ವಾರ ಎರಡು ದಿನ ತಪ್ಪಿತು. ಏನೂ ಆಗಲಿಲ್ಲ.

ಕಾರವಾರದಿಂದ, ವೈದ್ಯೆ

ಮಾಸ್ತರೇ, ಬಿಪಿ ವಾಪಸ್ ಬರುತ್ತದೆ ಎನ್ನುವಷ್ಟು ನಿಜ. ಆದರೆ ಆಮ್ಲೋಡಿಪಿನ್ ದಿನಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಬಿಟ್ಟರೆ ಬಿಪಿ ನಿಧಾನಕ್ಕೆ ಹಳೆಯ ಮಟ್ಟಕ್ಕೆ ಏರುತ್ತದೆ. ಅದು ಮರುಕಳಿಸುವುದು. ಕ್ಲೋನಿಡಿನ್ ಕೆಲಸ ಮಾಡುವುದು ಮೆದುಳಿನಲ್ಲಿ. ರಕ್ತನಾಳ ಬಿಗಿಯುವ, ಎದೆ ಬಡಿತ ಜಾಸ್ತಿ ಮಾಡುವ ನರಗಳನ್ನು ಅದು ಅದುಮಿ ಹಿಡಿಯುತ್ತದೆ. ಮೈಯಿಂದ ಬೇಗ ಹೋಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅದುಮಿಟ್ಟ ನರಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಸಾಮಾನ್ಯವಾಗಿ 18ರಿಂದ 72 ಗಂಟೆಯೊಳಗೆ. ಬಿಪಿ ಕೆಲವೊಮ್ಮೆ ಚಿಕಿತ್ಸೆಗೆ ಮುಂಚೆ ಇದ್ದದ್ದಕ್ಕಿಂತಲೂ ಮೇಲೆ ಹೋಗುತ್ತದೆ.

ಒಬ್ಬರ ಉದಾಹರಣೆ ಹೇಳುತ್ತೇನೆ. 100 ಮೈಕ್ರೋಗ್ರಾಂ ಗುಳಿಗೆ, ಹೊತ್ತಿಗೆ ಎರಡರಂತೆ ದಿನಕ್ಕೆ ಮೂರು ಹೊತ್ತು. ಜೊತೆಗೆ ಅಟೆನೊಲಾಲ್ ಎಂಬ ಇನ್ನೊಂದು ಬಿಪಿ ಗುಳಿಗೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಪೇಟೆಗೆ ಹೋಗಲಾಗದೆ ಕ್ಲೋನಿಡಿನ್ ಮುಗಿದುಹೋಯಿತು. ಅಟೆನೊಲಾಲ್ ಉಳಿದಿತ್ತು, ಅದನ್ನು ತಪ್ಪದೆ ನುಂಗಿದರು. ಎರಡನೇ ದಿನ ತಲೆ ಸಿಡಿಯುವಷ್ಟು ನೋವು, ಬೆವರು, ಕೈನಡುಕ, ನಿದ್ದೆಯಿಲ್ಲ. ಮನೆಯವರು ಜ್ವರ ಬರುವ ಲಕ್ಷಣ ಎಂದುಕೊಂಡರು. ಅಳೆದರೆ 220/120. ಚಿಕಿತ್ಸೆಗೆ ಮುಂಚೆ ಇದ್ದದ್ದು 170/100. ಇಲ್ಲಿ ಮೊದಲು ಮಾಡುವ ಕೆಲಸ ಕ್ಲೋನಿಡಿನ್ ಮತ್ತೆ ಶುರು ಮಾಡುವುದು. ಜೊತೆಗೆ ಬೀಟಾ ಬ್ಲಾಕರ್, ಅಂದರೆ ಅಟೆನೊಲಾಲ್‌ನಂತೆ ಎದೆ ಬಡಿತ ಇಳಿಸುವ ಗುಳಿಗೆ ಇದ್ದರೆ ಹೊಡೆತ ಇನ್ನೂ ಜೋರಾಗಬಹುದು. ರಕ್ತನಾಳ ಸಡಿಲಿಸುವ ದಾರಿಯನ್ನು ಅದು ಸ್ವಲ್ಪವಾದರೂ ಮುಚ್ಚಬಹುದು, ಬಿಗಿಯುವ ದಾರಿ ಮಾತ್ರ ತೆರೆದೇ ಇರುತ್ತದೆ.

ಹೊನ್ನಾವರದಿಂದ

ಇದು ನಮ್ಮ ಅಮ್ಮನಿಗೆ ಆದದ್ದೇ ಅಲ್ವಾ? ಅವರಿಗೆ ಸ್ಟಿರಾಯ್ಡ್ ಗುಳಿಗೆಯನ್ನು ಒಮ್ಮೆಲೇ ಬಿಡಬೇಡಿ ಎಂದಿದ್ದರು. ಅಮ್ಮ ಈಗಲೂ 'ಡಾಕ್ಟ್ರು ಗುಳಿಗೆ ಇಳಿಸ್ತಾ ಇಳಿಸ್ತಾ ಬಿಡಿಸಿದ್ರು' ಅಂತಾರೆ. ಅವರ ಬಿಪಿಯನ್ನೂ ಈಗ ನೋಡಿಸಬೇಕಾ?

ಕಾರವಾರದಿಂದ, ವೈದ್ಯೆ

ಅದರ ಕಾರಣ ಬೇರೆ. ಸ್ಟಿರಾಯ್ಡ್ ನುಂಗುವಾಗ ಮೈಯೊಳಗಿನ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿರುತ್ತದೆ. ಅದು ಮತ್ತೆ ಚುರುಕಾಗಲು ಸಮಯ ಕೊಡುವುದು ಅಷ್ಟೆ. ಆದರೆ ಅಮ್ಮನ ಮಾತು ಚೀಟಿಗೆ ಹೇಳಿ ಮಾಡಿಸಿದಂತಿದೆ.

ಆ ರೋಗಿಗೂ ಹಾಗೇ ಮಾಡಿದ್ದು. ಬಿಪಿ ಹತೋಟಿಗೆ ಬಂದ ಮೇಲೆ ಬೇರೆ ಗುಳಿಗೆ ಶುರು ಮಾಡಿ, ಮೊದಲು ಅಟೆನೊಲಾಲ್ ಬಿಡಿಸಿದೆವು. ಕೆಲವು ದಿನ ಕಾದು, ಆಮೇಲೆ ಕ್ಲೋನಿಡಿನ್‌ಗೆ ಕೈ ಹಾಕಿದ್ದು. ಈ ಕ್ರಮ ತಿರುಗುಮುರುಗು ಆಗಬಾರದು. ನಾಲ್ಕು ದಿನಕ್ಕೊಮ್ಮೆ ಒಂದೊಂದು ಗುಳಿಗೆ ಕಡಿಮೆ ಮಾಡುತ್ತ ಹೋದರೆ ಆರು ಗುಳಿಗೆಗೆ ಮೂರು ವಾರ ದಾಟುತ್ತದೆ. ಔಷಧದ ಹಾಳೆಯಲ್ಲಿ ಇಳಿಸಿ ಬಿಡಿಸಲು ಒಟ್ಟು 2ರಿಂದ 4 ದಿನ ಎಂದಿರುತ್ತದೆ. ಜಾಸ್ತಿ ಪ್ರಮಾಣವನ್ನು ಬಹಳ ದಿನ ತಗೊಂಡವರಿಗೆ ಅಷ್ಟು ಅವಸರ ನನಗೆ ಹಿಡಿಸುವುದಿಲ್ಲ. ನಡುವೆ ಬಿಪಿ ಏರಿದರೆ, ಎದೆ ಹೊಡೆದುಕೊಂಡರೆ, ಹಿಂದಿನ ಮೆಟ್ಟಿಲಿಗೆ ಹೋಗಿ ನಿಲ್ಲುತ್ತೇವೆ. ಇದು ಅವರೊಬ್ಬರ ಲೆಕ್ಕ. ಚೀಟಿಯಲ್ಲಿ ಹಾಕಬೇಡಿ, ಓದಿದವರು ತಾವೇ ಇಳಿಸಿಕೊಂಡಾರು.

ಶಿರಸಿಯಿಂದ, ಅನುವಾದಕಿ

ಟೇಪರ್‌ಗೆ 'ಇಳಿಸ್ತಾ ಬಿಡುವುದು' ಖಾಯಂ. ರಿಬೌಂಡ್‌ಗೆ 'ಗುಳಿಗೆ ಬಿಟ್ಟಾಗ ಚಿಮ್ಮುವ ಬಿಪಿ' ಅಂದರೆ?

ಕುಮಟಾದಿಂದ, ಮಾಸ್ತರು

ಡಾಕ್ಟರು ಹೇಳಿದ ಮೇಲೆ 'ಮರುಕಳಿಸು' ಬಿಟ್ಟೆ. ಆದರೆ 'ಚಿಮ್ಮು' ಬೇಡ. ಬಿಪಿ ಚಿಮ್ಮುತ್ತದೆ ಅಂದರೆ ನಮ್ಮೂರಲ್ಲಿ ರಕ್ತವೇ ಚಿಮ್ಮುತ್ತದೆ ಅಂದುಕೊಳ್ಳುತ್ತಾರೆ. 'ಪುಟಿದೇಳುವ ಬಿಪಿ' ಅನ್ನಿ.

ಶಿರಸಿಯಿಂದ, ಅನುವಾದಕಿ

'ಪುಟಿದೇಳು' ಅಂದರೆ ಒಳ್ಳೆಯದೇನೋ ಆದ ಹಾಗಿದೆ, ಸೋತ ತಂಡ ಗೆದ್ದಂತೆ! ಯೋಚಿಸೋಣ. ಡಾಕ್ಟರೇ, ಆಪರೇಷನ್‌ಗೆ ಉಪವಾಸ ಇರುವ ಬೆಳಿಗ್ಗೆ ಈ ಗುಳಿಗೆ ಏನು ಮಾಡಬೇಕು? ಚೀಟಿಯಲ್ಲಿ ಆ ಮಾತೇ ಇಲ್ಲ.

ಕಾರವಾರದಿಂದ, ವೈದ್ಯೆ

ಸೇರಿಸಿ. ಸಾಮಾನ್ಯವಾಗಿ ಅದನ್ನು ನಿಲ್ಲಿಸುವುದಿಲ್ಲ, ಗುಟುಕು ನೀರಲ್ಲಿ ನುಂಗಿಸುತ್ತೇವೆ. 'ಈ ಗುಳಿಗೆ ತಗೊಳ್ತಿದ್ದೇನೆ ಎಂದು ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ' ಎಂದು ಬರೆಯಿರಿ. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಅದು ಬಿಟ್ಟ ಲೆಕ್ಕವೇ. ಅದಕ್ಕೂ ಒಂದು ಸಾಲು ಇರಲಿ.